ಗ್ರೇಡ್ ಕೇಳದೆ ಕೆಲಸಕ್ಕೆ ಸೇರುವ ಕ್ರಮ

ಫೋನನ್ನು ಮೊದಲ ರಿಂಗಿಗೇ ಎತ್ತಿ. ತಡಮಾಡಿದರೆ ನಿಮಗೆ ಬೇರೆ ಕೆಲಸವೂ ಇದೆ ಎಂದು ರಿಕ್ರೂಟರ್ ಅಂದುಕೊಂಡಾರು. ಆ ತಪ್ಪು ಅಭಿಪ್ರಾಯದಿಂದ ಮುಂದೆ ನಿಮಗೆ ಲಾಭವಾಗುವ ಅಪಾಯವಿದೆ. “ಸರ್, ನೌಕ್ರಿಯಲ್ಲಿ ನಿಮ್ಮ ಪ್ರೊಫೈಲ್ ನೋಡಿದ್ವಿ. ಇಂಜಿನಿಯರಿಂಗ್ ಮ್ಯಾನೇಜರ್ ಪೊಸಿಷನ್ ಇದೆ, ಇಂಟರೆಸ್ಟ್ ಇದ್ಯಾ?” ಎಂದು ಆ ಕಡೆಯಿಂದ ಧ್ವನಿ ಬರುತ್ತದೆ. ‘ಮ್ಯಾನೇಜರ್’ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಉಳಿದ ಇಂದ್ರಿಯಗಳನ್ನು ಮುಚ್ಚಿಕೊಳ್ಳಿ. ಮುಂದೆ ಬರುವುದು ಮೂರೇ ಪ್ರಶ್ನೆ: ಈಗಿನ ಸಿಟಿಸಿ ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪೀರಿಯಡ್ ಎಷ್ಟು ದಿನ. ಮೂರಕ್ಕೂ ಮಗ್ಗಿ ಒಪ್ಪಿಸಿದ ಹಾಗೆ ಉತ್ತರ ಹೇಳಿ. ನೀವೂ ಏನಾದರೂ ಕೇಳಬಹುದು ಎಂಬ ಯೋಚನೆ ಬಂದರೆ ಒಂದು ಲೋಟ ನೀರು ಕುಡಿಯಿರಿ, ಹೋಗುತ್ತದೆ.

ಈ ಕ್ರಮವನ್ನು ನಾನು ಮೂರು ಕಂಪನಿಗಳಲ್ಲಿ ಸ್ವತಃ ಪಾಲಿಸಿದ್ದೇನೆ, ಹಲವರಿಗೆ ಕಲಿಸಿದ್ದೇನೆ. ಕಲಿಯುವ ಮೊದಲು ಏನನ್ನು ಕೇಳಬಾರದು ಎಂಬುದು ಸರಿಯಾಗಿ ತಿಳಿದಿರಬೇಕು. ಇಲ್ಲದಿದ್ದರೆ ಬಾಯಿತಪ್ಪಿ ಕೇಳಿಬಿಡುವ ಸಾಧ್ಯತೆ ಇದೆ.

ಒಂದು ನೌಕರಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ಇಮೇಲಿನ ಕೆಳಗೆ ನಿಮ್ಮ ಹೆಸರಿನ ಜೊತೆ ಬರುವ ಡೆಸಿಗ್ನೇಷನ್ ಒಂದು. ಎಚ್‌ಆರ್ ಸಿಸ್ಟಮ್ಮಿನಲ್ಲಿ ನಿಮ್ಮ ಹೆಸರಿನ ಎದುರು ಇರುವ ಗ್ರೇಡ್ ಇನ್ನೊಂದು. ಇದನ್ನೇ ಕೆಲವು ಕಡೆ ಬ್ಯಾಂಡ್ ಅಂತಾರೆ, ಕೆಲವು ಕಡೆ ಲೆವೆಲ್ ಅಂತಾರೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಮೇಲೆ ನೀವು ನಿಜವಾಗಿ ಮಾಡುವ ಕೆಲಸ ಮೂರನೆಯದು. ಈ ಮೂರೂ ಒಂದಕ್ಕೊಂದು ಹೊಂದಲೇಬೇಕೆಂಬ ನಿಯಮ ಖಾಸಗಿ ಕಂಪನಿಯಲ್ಲಿ ಇಲ್ಲ. ಸಂಬಳದ ಕೆಳಮಿತಿ ಮೇಲ್ಮಿತಿ, ವೇರಿಯಬಲ್ ಶೇಕಡಾ ಎಷ್ಟು, ಕಂಪನಿಯ ಷೇರು ಸಿಗುತ್ತದೋ ಇಲ್ಲವೋ, ಬಡ್ತಿಗೆ ಇನ್ನೆಷ್ಟು ಮೆಟ್ಟಿಲು ಎಂಬುದನ್ನೆಲ್ಲ ಸಾಮಾನ್ಯವಾಗಿ ತೀರ್ಮಾನಿಸುವುದು ಗ್ರೇಡು. ಡೆಸಿಗ್ನೇಷನ್ ತೀರ್ಮಾನಿಸುವುದು ಗೃಹಪ್ರವೇಶದ ಕಾರ್ಡಿನಲ್ಲಿ ಹೆಸರಿನ ಕೆಳಗಿನ ಸಾಲನ್ನು. ಆದ್ದರಿಂದ ನೀವು ಡೆಸಿಗ್ನೇಷನ್ ಹಿಡಿದುಕೊಳ್ಳಿ, ಗ್ರೇಡನ್ನು ಅವರ ಬಳಿಯೇ ಬಿಡಿ.

ಇಲ್ಲಿ ನಿಮಗೆ ದೊಡ್ಡ ತೊಂದರೆ ಮನೆಯಿಂದಲೇ ಬರಬಹುದು. ನಿಮ್ಮ ತಂದೆ ತಾಲ್ಲೂಕು ಕಚೇರಿಯಲ್ಲೋ ಲೋಕೋಪಯೋಗಿ ಇಲಾಖೆಯಲ್ಲೋ ಕೆಲಸ ಮಾಡಿ ನಿವೃತ್ತರಾದವರಾದರೆ ತುಂಬ ಎಚ್ಚರದಿಂದಿರಿ. ಅವರ ಕಾಲದಲ್ಲೂ ಈಗಲೂ ಲೋಕಸೇವಾ ಆಯೋಗದ ಅಧಿಸೂಚನೆಯಲ್ಲಿ ಹುದ್ದೆಯ ಹೆಸರು, ಅದು ಯಾವ ಗ್ರೂಪು, ವೇತನ ಶ್ರೇಣಿ ಎಷ್ಟರಿಂದ ಎಷ್ಟು ಎಂಬುದೆಲ್ಲ ಅರ್ಜಿ ಹಾಕುವ ಮೊದಲೇ ಅಚ್ಚಾಗಿರುತ್ತದೆ. ಪ್ರಥಮ ದರ್ಜೆ ಸಹಾಯಕ ಎಂದರೆ ಬೀದರಿನಲ್ಲೂ ಅದೇ ಶ್ರೇಣಿ, ಚಾಮರಾಜನಗರದಲ್ಲೂ ಅದೇ ಶ್ರೇಣಿ. ಹೀಗೆ ಬೆಳೆದ ಮನುಷ್ಯನಿಗೆ “ಅಪ್ಪಾ, ಮ್ಯಾನೇಜರ್ ಕೆಲಸ ಸಿಕ್ತು” ಅಂದರೆ ಅವರು ಪೇಪರಿನಿಂದ ತಲೆ ಎತ್ತಿ, “ಸ್ಕೇಲ್ ಎಷ್ಟಪ್ಪ?” ಅಂತ ಕೇಳುತ್ತಾರೆ. ಇಡೀ ವ್ಯವಹಾರದಲ್ಲಿ ಯಾರೂ ಕೇಳಬಾರದ ಪ್ರಶ್ನೆ ಇದೊಂದೇ. “ಪ್ರೈವೇಟಲ್ಲಿ ಹಾಗೆಲ್ಲ ಇರಲ್ಲಪ್ಪ, ಪ್ಯಾಕೇಜ್ ಅಂತ ಇರುತ್ತೆ” ಎಂದು ನಗುತ್ತ ಹೇಳಿ, ಕಾಫಿಗೆ ಒಳಗೆ ಹೋಗಿ.

ಇನ್ನು ರಿಕ್ರೂಟರ್ ಯಾರು ಎಂದು ಪತ್ತೆ ಮಾಡಬೇಡಿ. ಕಂಪನಿಯದೇ ನೌಕರರೋ ಹೊರಗಿನ ಕನ್ಸಲ್ಟೆನ್ಸಿಯವರೋ ಎಂಬುದು ತಿಳಿದರೆ ಅವರು ಆಡುವ ಪ್ರತಿ ಮಾತಿಗೂ ಬೇರೆ ತೂಕ ಬಂದುಬಿಡುತ್ತದೆ. ಹೊರಗಿನವರಿಗೆ ಸಿಗುವ ಫೀಸು ನಮ್ಮಲ್ಲಿ ಬಹುಕಾಲದಿಂದ ನಿಮ್ಮ ವಾರ್ಷಿಕ ಸಿಟಿಸಿಯ ಶೇಕಡಾ 8.33ರ ಲೆಕ್ಕದಲ್ಲಿ ನಡೆದುಬಂದಿದೆ, ಅಂದರೆ ಸರಿಯಾಗಿ ಒಂದು ತಿಂಗಳ ಸಂಬಳ. ಒಪ್ಪಂದದ ಪ್ರಕಾರ ಈ ಶೇಕಡಾ ಹೆಚ್ಚೂಕಡಿಮೆ ಆಗುತ್ತದೆ. ನೀವು ಸೇರಿದ ಮೂರು ತಿಂಗಳೊಳಗೆ ಬಿಟ್ಟು ಹೋದರೆ ಅವರು ಬದಲಿ ಜನ ಕೊಡಬೇಕು ಎಂಬ ಷರತ್ತು ಸಾಮಾನ್ಯ. ನಿಮ್ಮ ಸಿಟಿಸಿ ದೊಡ್ಡದಾಗಬೇಕು, ನೀವು ಬೇಗ ಸೇರಬೇಕು, ತೊಂಬತ್ತು ದಿನ ನಿಲ್ಲಬೇಕು: ಇಷ್ಟು ಅವರಿಗೆ ಬೇಕಾದದ್ದು. ತೊಂಬತ್ತೊಂದನೇ ದಿನ ನಿಮಗೆ ಗ್ರೇಡಿನ ವಿಷಯ ಗೊತ್ತಾದರೆ ಅವರಿಗೆ ಏನೂ ನಷ್ಟವಿಲ್ಲ. ಇದು ಅವರ ಕೆಟ್ಟತನವಲ್ಲ, ಅವರ ಜೀವನೋಪಾಯ. ನೀವು ನಡುವೆ ಪ್ರಶ್ನೆ ಹಾಕಿ ಯಾರ ಹೊಟ್ಟೆಯ ಮೇಲೂ ಹೊಡೆಯಬೇಡಿ.

ಹಾಗೂ ಧೈರ್ಯ ಮಾಡಿ ಕೇಳುವುದೇ ಆದರೆ ಸರಿಯಾದ ತಪ್ಪು ಪ್ರಶ್ನೆ ಕೇಳಿ. “ಮೇಡಂ, ಇದು ಸೀನಿಯರ್ ರೋಲೇ ಅಲ್ವಾ?” ಎಂದು ಕೇಳಿ. “ಹೌದು ಸರ್, ವೆರಿ ಸೀನಿಯರ್ ರೋಲ್” ಎಂಬ ಉತ್ತರ ಬರುತ್ತದೆ. ಸಮಾಧಾನ ಪಡೆಯಿರಿ. ‘ಹೌದು’ ಎಂದಷ್ಟೇ ಉತ್ತರ ಬರುವಂತೆ ಪ್ರಶ್ನೆ ಕಟ್ಟುವುದು ಈ ವಿದ್ಯೆಯ ತಿರುಳು. ಇದಕ್ಕೆ ಬದಲು, “ಈ ರಿಕ್ವಿಸಿಷನ್ ಯಾವ ಗ್ರೇಡಿನಲ್ಲಿ ಅಪ್ರೂವ್ ಆಗಿದೆ? ಆ ಗ್ರೇಡಿನ ಫಿಕ್ಸೆಡ್ ಪೇ ಎಷ್ಟರಿಂದ ಎಷ್ಟರವರೆಗೆ?” ಎಂದು ಯಾವತ್ತೂ ಕೇಳಬೇಡಿ. ಅದರಲ್ಲಿರುವ ಅಪಾಯ ಹೇಳುತ್ತೇನೆ. ಸ್ವಲ್ಪ ದೊಡ್ಡ ಕಂಪನಿಯಲ್ಲಿ ಒಂದು ಜಾಗಕ್ಕೆ ಜನ ಹುಡುಕುವ ಮೊದಲೇ ಅದರ ಗ್ರೇಡ್ ಮತ್ತು ಬಜೆಟ್ ಹಾಕಿ ಅನುಮತಿ ಪಡೆದಿರುತ್ತಾರೆ. ಕಂಪನಿಯೊಳಗಿನ ರಿಕ್ರೂಟರ್ ನಿಮಗೆ ಫೋನು ಮಾಡುವಾಗ ಆ ಕಾಗದ ಬಹುಪಾಲು ಅವರ ಕಣ್ಣೆದುರಿನ ಪರದೆಯಲ್ಲೇ ಇರುತ್ತದೆ. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಉತ್ತರವಿರುವ ಪ್ರಶ್ನೆಯನ್ನು ಕೇಳಿದರೆ ಉತ್ತರ ಬಂದುಬಿಡಬಹುದು. ಹೊರಗಿನವರಾದರೆ “ಗೊತ್ತಿಲ್ಲ ಸರ್, ಕ್ಲೈಂಟನ್ನ ಕೇಳಿ ಹೇಳ್ತೀನಿ” ಅಂದಾರು, ಎರಡು ದಿನದಲ್ಲಿ ನಿಜಕ್ಕೂ ಕೇಳಿ ಹೇಳಿಯೂಬಿಟ್ಟಾರು. ಆಮೇಲೆ ಅನುಭವಿಸುವವರು ನೀವು.

ಗ್ರೇಡಿನ ಸಂಖ್ಯೆ ಹೇಗೋ ಕಿವಿಗೆ ಬಿದ್ದೇಬಿಟ್ಟರೆ, ಅದನ್ನು ಹಳೆಯ ಕಂಪನಿಯ ಸಂಖ್ಯೆಯ ಜೊತೆ ನೇರ ಹೋಲಿಸಿ ತೃಪ್ತಿಪಡಿ. ಐದು ಎಂದರೆ ಎಲ್ಲಿದ್ದರೂ ಐದೇ ತಾನೆ. ಗೂಗಲ್‌ನಲ್ಲಿ ಎಲ್‌ 5 ಎಂದರೆ ಸೀನಿಯರ್ ಇಂಜಿನಿಯರ್, ಅಮೆಜಾನ್‌ನಲ್ಲಿ ಎಲ್‌ 5 ಎಂದರೆ ಅದಕ್ಕಿಂತ ಕೆಳಗಿನ ಎಸ್‌ಡಿಇ 2, ಮೈಕ್ರೋಸಾಫ್ಟ್‌ನಲ್ಲಿ ಸೀನಿಯರ್ ಎನಿಸಿಕೊಳ್ಳಲು 63 ಮುಟ್ಟಬೇಕು ಎಂಬ ಕಿರಿಕಿರಿಗಳನ್ನು ಓದಬೇಡಿ. ಅಕ್ಸೆಂಚರ್‌ನಲ್ಲಂತೂ ಸಂಖ್ಯೆ ಚಿಕ್ಕದಾದಷ್ಟೂ ಹುದ್ದೆ ದೊಡ್ಡದು. ಅಲ್ಲಿ ಒಂಬತ್ತರಿಂದ ಏಳಕ್ಕೆ ಇಳಿದವನು ಏರಿದವನು. ಹೆಸರುಗಳ ಕಥೆಯೂ ಇಷ್ಟೇ. ಬೆಂಗಳೂರಿನ ವಿದೇಶಿ ಹೂಡಿಕೆ ಬ್ಯಾಂಕುಗಳ ಕಚೇರಿಗಳಲ್ಲಿ ‘ವೈಸ್ ಪ್ರೆಸಿಡೆಂಟ್’ ಎನ್ನುವುದು ನಡುಮೆಟ್ಟಿಲು, ಅಂಥವರು ಒಂದು ಮಹಡಿಯಲ್ಲೇ ಬೇಕಾದಷ್ಟು ಸಿಗುತ್ತಾರೆ. ಹುಡುಗಿ ನೋಡಲು ಬಂದ ವೈಸ್ ಪ್ರೆಸಿಡೆಂಟನ್ನು ಇಡೀ ಬ್ಯಾಂಕಿನ ಉಪಾಧ್ಯಕ್ಷ ಎಂದು ನಂಬಿದ ಮಾವಂದಿರು ಇದ್ದಾರೆ. ಆ ನಂಬಿಕೆಯಿಂದ ಸಂಸಾರವೇನೂ ಕೆಟ್ಟಿಲ್ಲ.

ಈಗ ನನ್ನ ಅತ್ಯುತ್ತಮ ಶಿಷ್ಯನ ಉದಾಹರಣೆ ಕೊಡುತ್ತೇನೆ. ದಾವಣಗೆರೆಯ ಹುಡುಗ, ಒಂಬತ್ತು ವರ್ಷದ ಅನುಭವ, ಮಾರತ್ತಹಳ್ಳಿಯಲ್ಲಿ ಬಾಡಿಗೆ ಮನೆ, 28 ಲಕ್ಷದ ಸಿಟಿಸಿ. ಅವನಿಗೆ ಬಂದ ಆಫರ್ ಇಂಜಿನಿಯರಿಂಗ್ ಮ್ಯಾನೇಜರ್, 36 ಲಕ್ಷ. ಮೊದಲು ಅವರು 34 ಅಂದಿದ್ದರು. ಇವನು ಜಗ್ಗಿದಾಗ ರಿಕ್ರೂಟರ್ ಎರಡು ಲಕ್ಷ ಜಾಯಿನಿಂಗ್ ಬೋನಸ್ ಸೇರಿಸಿ, “ಇದಕ್ಕಿಂತ ಬಜೆಟ್ ಇಲ್ಲ ಸರ್. ಆದ್ರೆ ಡೆಸಿಗ್ನೇಷನ್ ಲೀಡ್ ಬದಲು ಮ್ಯಾನೇಜರ್ ಮಾಡಿಸಿಕೊಡ್ತೀನಿ” ಅಂದರು. ಇವನು ಫೋನಿನಲ್ಲೇ ಕಣ್ಣೀರು ಹಾಕಿದ. ನೀವೂ ಹಾಕಿ. ಡೆಸಿಗ್ನೇಷನ್ ಬದಲಿಸಲು ಕಂಪನಿಗೆ ಒಂದು ರೂಪಾಯಿ ಖರ್ಚಿಲ್ಲ, ಹಣಕಾಸು ವಿಭಾಗದ ಸಹಿಯೂ ಬೇಕಿಲ್ಲ. ಗ್ರೇಡ್ ಬದಲಿಸಬೇಕಾದರೆ ಇಡೀ ರಿಕ್ವಿಸಿಷನ್ ಮತ್ತೆ ಮೇಲಕ್ಕೆ ಹೋಗಿ ಅನುಮತಿ ಪಡೆದು ಬರಬೇಕು. ಯಾವುದು ಸುಲಭವಾಗಿ ಸಿಕ್ಕಿತೋ ಅದೇ ಬೆಲೆಬಾಳುವಂಥದು ಎಂದು ತಿಳಿಯಿರಿ.

36 ಲಕ್ಷವನ್ನು ಒಡೆದು ನೋಡಬೇಡಿ. ಅವನ ಆಫರ್ ಒಡೆದವರು ಅವನ ಹೆಂಡತಿ, ಶಾಲೆಯಲ್ಲಿ ಗಣಿತ ಹೇಳುವವರು. ಜಾಯಿನಿಂಗ್ ಬೋನಸ್ 2 ಲಕ್ಷ ಒಂದೇ ಸಲ ಬರುವುದು, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ವೇರಿಯಬಲ್ 4 ಲಕ್ಷ, ಕಂಪನಿ ಚೆನ್ನಾಗಿದ್ದರೆ, ನೀವೂ ಚೆನ್ನಾಗಿದ್ದೀರಿ ಎಂದು ಅವರಿಗೆ ಅನಿಸಿದರೆ. ಮಾಲೀಕರ ಪಾಲಿನ ಪಿಎಫ್ ಮೂಲವೇತನದ ಶೇಕಡಾ 12, ಗ್ರಾಚ್ಯುಟಿಗೆ ಶೇಕಡಾ 4.81, ಎರಡೂ ಸೇರಿ ಸುಮಾರು 2 ಲಕ್ಷ 30 ಸಾವಿರ. ಇಷ್ಟು ಕಳೆದರೆ ತಿಂಗಳು ತಿಂಗಳು ಕೈಗೆ ಬರುವ ಫಿಕ್ಸೆಡ್ ಪೇ ವರ್ಷಕ್ಕೆ 27 ಲಕ್ಷ 70 ಸಾವಿರ, ಅದೂ ತೆರಿಗೆಗೆ ಮೊದಲು. ಇದೇ ಸಂಖ್ಯೆಯನ್ನು ಗ್ರೇಡಿನ ಪಕ್ಕದಲ್ಲಿಟ್ಟು ನೋಡಬೇಕಾದದ್ದು. ಆದ್ದರಿಂದ ಇದನ್ನೇ ಮೊದಲು ಮರೆಯಿರಿ.

ಆ ಕಂಪನಿಯಲ್ಲಿ ಸೀನಿಯರ್ ಇಂಜಿನಿಯರುಗಳಿಗೆ ಗ್ರೇಡ್ 6, ಅದರ ಫಿಕ್ಸೆಡ್ ಪೇ 18ರಿಂದ 28 ಲಕ್ಷ. ಮ್ಯಾನೇಜರುಗಳಿಗೆ ಗ್ರೇಡ್ 7, ಅದರದು 26ರಿಂದ 40 ಲಕ್ಷ. 27 ಲಕ್ಷ 70 ಸಾವಿರ ಎರಡಕ್ಕೂ ಹೊಂದುತ್ತದೆ. ಇದೇ ಈ ವ್ಯವಸ್ಥೆಯ ಸೊಗಸು: ಗ್ರೇಡುಗಳು ಒಂದರ ಮೇಲೊಂದು ಹಂಚು ಹೊದಿಸಿದ ಹಾಗೆ ಸ್ವಲ್ಪ ಸ್ವಲ್ಪ ಮುಚ್ಚಿಕೊಂಡಿರುತ್ತವೆ. ಸಂಬಳ ಮಾತ್ರ ನೋಡಿದವನಿಗೆ ತಾನು ಕೆಳಗಿನ ಹಂಚಿನ ತುದಿಯಲ್ಲಿದ್ದೇನೋ ಮೇಲಿನ ಹಂಚಿನ ಬುಡದಲ್ಲಿದ್ದೇನೋ ತಿಳಿಯುವುದಿಲ್ಲ. ನನ್ನ ಶಿಷ್ಯನನ್ನು ಮ್ಯಾನೇಜರ್ ಎಂದು ಕರೆದು ಗ್ರೇಡ್ 6ರಲ್ಲಿ ಕೂರಿಸಿದರು. ಸಂಬಳ ಒಂದೇ ಅಂದಮೇಲೆ ಗ್ರೇಡ್ ಯಾವುದಾದರೇನು ಎಂದು ಕೇಳುವವರಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು.

ಸಂಬಳದ ಲೆಕ್ಕ ನೋಡುವವರು ನಿಮ್ಮ ಫಿಕ್ಸೆಡ್ ಪೇಯನ್ನು ಗ್ರೇಡಿನ ನಡುಬಿಂದುವಿನಿಂದ ಭಾಗಿಸುತ್ತಾರೆ. ಗ್ರೇಡ್ 6ರ ನಡುಬಿಂದು 23 ಲಕ್ಷ. 27.7ನ್ನು 23ರಿಂದ ಭಾಗಿಸಿದರೆ 1.20. ಗ್ರೇಡ್ 7ರ ನಡುಬಿಂದು 33 ಲಕ್ಷ, ಅದರಿಂದ ಭಾಗಿಸಿದರೆ 0.84. ಇದಕ್ಕೆ ಅವರಲ್ಲಿ ಕಂಪಾ ರೇಷಿಯೋ ಎಂದು ಹೆಸರು. ಒಂದಕ್ಕಿಂತ ಮೇಲಿದ್ದರೆ ನಿಮಗೆ ಆಗಲೇ ಹೆಚ್ಚು ಕೊಡುತ್ತಿದ್ದೇವೆ, ಕಡಿಮೆಯಿದ್ದರೆ ಇನ್ನೂ ಏರಿಸಲು ಜಾಗವಿದೆ ಎಂದು ಅರ್ಥ. ಏಪ್ರಿಲ್ ಹೈಕಿನ ಕೋಷ್ಟಕ ಈ ಸಂಖ್ಯೆ ನೋಡಿಕೊಂಡು ನಡೆಯುತ್ತದೆ. ಅದೇ ಕಂಪನಿಯಲ್ಲಿ, ಅದೇ ವರ್ಷ, ಅದೇ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್’ ರೇಟಿಂಗಿಗೆ 0.84ರಲ್ಲಿದ್ದವರಿಗೆ ಶೇಕಡಾ 10 ಬಂತು. ಅಂದರೆ 27.7 ಇದ್ದದ್ದು 30 ಲಕ್ಷ 47 ಸಾವಿರವಾಯಿತು. 1.20ರಲ್ಲಿದ್ದ ನನ್ನ ಶಿಷ್ಯನಿಗೆ ಬಂದದ್ದು ಶೇಕಡಾ 3, ಅಂದರೆ 83 ಸಾವಿರ. ಆದರೆ ಅವನ ಗ್ರೇಡಿನ ಚಾವಣಿ 28 ಲಕ್ಷ. ಹಾಗಾಗಿ 30 ಸಾವಿರ ಮಾತ್ರ ಸಂಬಳಕ್ಕೆ ಸೇರಿತು, ಉಳಿದ 53 ಸಾವಿರವನ್ನು ಒಂದೇ ಸಲದ ಲಂಪ್‌ಸಮ್ ಎಂದು ಕೊಟ್ಟು ಕೈತೊಳೆದುಕೊಂಡರು. ಮ್ಯಾನೇಜರ್ ಸಾಹೇಬರ ಹೈಕು ತಿಂಗಳಿಗೆ 2,500 ರೂಪಾಯಿ. ಚಾವಣಿಯನ್ನೂ ವರ್ಷಕ್ಕೊಮ್ಮೆ ಸ್ವಲ್ಪ ಎತ್ತುತ್ತಾರಂತೆ. ಅದು ಏರಿದಷ್ಟೇ ಇವನೂ ಏರಬಹುದು, ಬಾವಿಯ ನೀರಿನ ಜೊತೆ ಏರುವ ಕೊಡದ ಹಾಗೆ.

ಕೆಲಸದ ಬಗ್ಗೆ ಕೇಳಬೇಡಿ ಎಂದು ಬೇರೆಯಾಗಿ ಹೇಳಬೇಕಿಲ್ಲ. ಆದರೂ ಹೊಸಬರು ಇಲ್ಲಿ ಎಡವುತ್ತಾರೆ. ಅವರು ಜಾಬ್ ಡಿಸ್ಕ್ರಿಪ್ಷನ್ ಓದುತ್ತಾರೆ. ಓದಿ, ಆದರೆ ನಂಬಿ. ‘ತಂಡವನ್ನು ಮುನ್ನಡೆಸುವುದು’ ಎಂದು ಬರೆದಿದ್ದರೆ ತಂಡ ಇದೆ ಎಂದೇ ತಿಳಿಯಿರಿ. ಎಷ್ಟು ಜನ, ಅವರು ಕಂಪನಿಯ ಸಂಬಳದವರೋ ವೆಂಡರ್ ಕಡೆಯವರೋ, ಅವರ ರಜೆ ಯಾರು ಮಂಜೂರು ಮಾಡುತ್ತಾರೆ, ವರ್ಷದ ಕೊನೆಗೆ ಅವರ ರೇಟಿಂಗ್ ಯಾರು ಬರೆಯುತ್ತಾರೆ ಎಂದು ಕೇಳಬೇಡಿ. ನನ್ನ ಶಿಷ್ಯನ ಕೈಕೆಳಗೆ ಹನ್ನೊಂದು ಜನ ಇದ್ದರು. ಅವರಲ್ಲಿ ಎಂಟು ಮಂದಿ ವೆಂಡರ್ ಕಂಪನಿಯ ಗುತ್ತಿಗೆ ನೌಕರರು, ಅವರ ರೇಟಿಂಗ್ ವೆಂಡರ್‌ನದು. ಉಳಿದ ಮೂವರು ‘ಡಾಟೆಡ್ ಲೈನ್’, ಅಂದರೆ ನಕ್ಷೆಯಲ್ಲಿ ಚುಕ್ಕಿ ಗೆರೆ, ಅವರ ರೇಟಿಂಗ್ ಅಮೆರಿಕದಲ್ಲಿರುವ ಬೇರೆಯವರದು. ಒಬ್ಬರ ರಜೆಯನ್ನೂ ಇವನು ತಡೆಯುವಂತಿರಲಿಲ್ಲ, ಒಬ್ಬರಿಗೂ ಬಡ್ತಿ ಕೊಡಿಸುವಂತಿರಲಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಫೋನು ಬರುವುದು ಇವನಿಗೇ. ಮದುವೆ ಮನೆಯಲ್ಲಿ ಅಡುಗೆಯವರಿಗೂ ಬಡಿಸುವವರಿಗೂ ಯಜಮಾನನಾಗದೆ, ಸಾರು ಖಾಲಿಯಾದಾಗ ಮಾತ್ರ ಬೈಸಿಕೊಳ್ಳುವ ಸೋದರಮಾವನ ಸ್ಥಾನ ಅದು.

ಇನ್ನೂ ಒಂದು ಮುಜುಗರದ ಪ್ರಶ್ನೆ ಇದೆ: “ಈ ಜಾಗದಲ್ಲಿ ಮೊದಲು ಯಾರಿದ್ದರು, ಅವರ ಗ್ರೇಡ್ ಯಾವುದು?” ಇದನ್ನು ಇಂಟರ್ವ್ಯೂ ಮಾಡುವ ಮ್ಯಾನೇಜರನ್ನು ಕೇಳಿದರೆ ಅವರು ನಿಜ ಹೇಳಿಬಿಡುವ ಸಂಭವ ಹೆಚ್ಚು, ಏಕೆಂದರೆ ಅವರಿಗೆ ಇದು ಗುಟ್ಟು ಎಂಬ ತರಬೇತಿ ಇರುವುದಿಲ್ಲ. ಇಂಟರ್ವ್ಯೂ ಕೊನೆಗೆ “ಎನಿ ಕ್ವೆಶ್ಚನ್ಸ್?” ಎಂದಾಗ ಕಂಪನಿಯ ಸಂಸ್ಕೃತಿ ಹೇಗಿದೆ ಎಂದು ಕೇಳಿ. ಎಲ್ಲ ಕಡೆಯೂ ಚೆನ್ನಾಗಿರುತ್ತದೆ.

ಇಂಟರ್ವ್ಯೂ ಮುಗಿದ ಮೇಲೆ ಒಂದು ಸೂಕ್ಷ್ಮ ಹಂತ ಬರುತ್ತದೆ. ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ ರಿಕ್ರೂಟರ್ ಒಂದು ವಾರ ಸುಮ್ಮನಾಗುತ್ತಾರೆ. ಮತ್ತೆ ಕರೆ ಬಂದಾಗ, “ಪ್ಯಾನೆಲ್‌ಗೆ ತುಂಬ ಇಷ್ಟ ಆಯ್ತು ಸರ್. ಲೆವೆಲ್ ಮಾತ್ರ ಸ್ವಲ್ಪ ಅಲೈನ್ ಮಾಡಿದಾರೆ, ಟೈಟಲ್ ಸೇಮ್ ಇರುತ್ತೆ” ಎನ್ನುತ್ತಾರೆ. ಅಲೈನ್ ಎಂಬ ಪದಕ್ಕೆ ಇಲ್ಲಿ ಒಂದೇ ಅರ್ಥ, ಕೆಳಗೆ. ಏಳಕ್ಕೆ ಇಂಟರ್ವ್ಯೂ ಮಾಡಿ ಆರಕ್ಕೆ ತೆಗೆದುಕೊಳ್ಳುವುದು ಸಾಮಾನ್ಯ ಪದ್ಧತಿ, ಕೆಲವೊಮ್ಮೆ ನ್ಯಾಯವಾದದ್ದೂ ಹೌದು. ಏಳಕ್ಕೆ ಎಲ್ಲಿ ಕಡಿಮೆ ಬಿದ್ದೆ, ಏಳಕ್ಕೆ ಮತ್ತೆ ಪರಿಶೀಲನೆ ಎಷ್ಟು ತಿಂಗಳಿಗೆ, ಆರರ ಕೆಲಸವನ್ನಷ್ಟೇ ಕೊಡುತ್ತೀರೋ ಎಂದು ಕೇಳುವ ಹಕ್ಕು ಆ ಕ್ಷಣದಲ್ಲಿ ನಿಮಗೆ ಪೂರ್ತಿ ಇರುತ್ತದೆ. ಅವರು ನಿಮ್ಮನ್ನು ಆರಿಸಿಯಾಗಿದೆ, ನೀವಿನ್ನೂ ಒಪ್ಪಿಲ್ಲ. ಇಡೀ ಪ್ರಕರಣದಲ್ಲಿ ತಕ್ಕಡಿ ನಿಮ್ಮ ಕಡೆ ವಾಲುವುದು ಆ ನಾಲ್ಕೈದು ದಿನ ಮಾತ್ರ. ಆ ದಿನಗಳಲ್ಲಿ ಧರ್ಮಸ್ಥಳಕ್ಕೆ ಹೋಗಿ ಬನ್ನಿ.

ಕೇಳಲು ಸರಿಯಾದ ಮುಹೂರ್ತ ಬೇರೆ ಇದೆ. ಹಳೆಯ ಕಂಪನಿಗೆ ರಾಜೀನಾಮೆ ಕೊಟ್ಟು, ತೊಂಬತ್ತು ದಿನದ ನೋಟಿಸಿನಲ್ಲಿ ಎಂಬತ್ತು ಕಳೆದು, ನಿಮ್ಮ ಜಾಗಕ್ಕೆ ಬಂದವನಿಗೆ ಎಲ್ಲ ಹೇಳಿಕೊಟ್ಟು, ಬೀಳ್ಕೊಡುಗೆಯ ಕೇಕು ಕತ್ತರಿಸಿದ ಮೇಲೆ ಕೇಳಿ. ಆಗ ಬರುವ ಉತ್ತರ ಪ್ರಾಮಾಣಿಕವಾಗಿರುತ್ತದೆ, ಯಾಕೆಂದರೆ ಅದನ್ನು ಇಟ್ಟುಕೊಂಡು ನೀವು ಏನೂ ಮಾಡುವಂತಿಲ್ಲ. ಆಫರ್ ಬಂದ ದಿನ, ಸಹಿಗೆ ಮೊದಲು, ನಾಲ್ಕು ಸಾಲಿನ ಇಮೇಲು ಬರೆದು ಗ್ರೇಡ್, ಫಿಕ್ಸೆಡ್ ಪೇ, ವೇರಿಯಬಲ್ ಶೇಕಡಾ, ನೇರವಾಗಿ ವರದಿ ಮಾಡುವವರ ಸಂಖ್ಯೆ, ಇಷ್ಟನ್ನು ಬರವಣಿಗೆಯಲ್ಲಿ ತಿಳಿಸಿ ಎಂದು ಕೇಳುವ ಜನ ಇದ್ದಾರೆ. ಇದು ಒರಟುತನ. ನಂಬಿಕೆಯ ಮೇಲೆ ನಡೆಯುವ ಲೋಕದಲ್ಲಿ ಬಾಯಿಮಾತು ಸಾಕು. ಆಫರ್ ಲೆಟರಿನ ಕೊನೆಯ ಪುಟದಲ್ಲಿ ‘ಈ ಪತ್ರಕ್ಕೆ ಮುಂಚೆ ನಡೆದ ಎಲ್ಲ ಮೌಖಿಕ ಮಾತುಕತೆಗಳನ್ನು ಈ ಪತ್ರವು ರದ್ದುಗೊಳಿಸುತ್ತದೆ’ ಎಂಬರ್ಥದ ಸಾಲು ಇರುತ್ತದೆ. ಅಷ್ಟು ದೂರ ಓದಬೇಡಿ, ಸಹಿ ಮಾಡುವ ಜಾಗ ಅದಕ್ಕಿಂತ ಸ್ವಲ್ಪ ಕೆಳಗಿದೆ.

ಸೇರಿದ ಮೊದಲ ದಿನ ಎಚ್‌ಆರ್ ಪೋರ್ಟಲ್ ತೆರೆದಾಗ ನಿಮ್ಮ ಫೋಟೊ ಪಕ್ಕದಲ್ಲಿ ಗ್ರೇಡ್ ಕಾಣುತ್ತದೆ. ಅಲ್ಲೇ ಎರಡು ಹೆಸರುಗಳಿರಬಹುದು, ‘ಬಿಸಿನೆಸ್ ಟೈಟಲ್’ ಒಂದು, ‘ಜಾಬ್ ಪ್ರೊಫೈಲ್’ ಒಂದು. ಮೊದಲನೆಯದರಲ್ಲಿ ಮ್ಯಾನೇಜರ್, ಎರಡನೆಯದರಲ್ಲಿ ಸೀನಿಯರ್ ಇಂಜಿನಿಯರ್. ನೋಡಿಯೂ ನೋಡದಂತೆ ಪುಟ ಸರಿಸಿ, ಕ್ಯಾಂಟೀನಿನ ಮೆನು ಎಲ್ಲಿದೆ ಎಂದು ಹುಡುಕಿ. ಮೂರನೇ ತಿಂಗಳಿಗೆ ಈ ಎರಡು ಹೆಸರುಗಳ ಉಪಯೋಗ ತಿಳಿಯುತ್ತದೆ. ನನ್ನ ಶಿಷ್ಯ ರಾತ್ರಿ ಪಾಳಿಯ ಆನ್‌ಕಾಲ್ ಭತ್ಯೆಗೆ ಅರ್ಜಿ ಹಾಕಿದ. ಮ್ಯಾನೇಜರುಗಳಿಗೆ ಆ ಭತ್ಯೆ ಇಲ್ಲ ಎಂದರು. ಹಾಗಾದರೆ ಮ್ಯಾನೇಜರುಗಳ ಷೇರು ಕೊಡಿ ಎಂದ. ಗ್ರೇಡ್ 6ಕ್ಕೆ ಷೇರು ಇಲ್ಲ ಎಂದರು. ಎರಡೂ ಉತ್ತರ ಒಬ್ಬರೇ ಕೊಟ್ಟದ್ದು, ಒಂದೇ ಮಧ್ಯಾಹ್ನ. ಕಾರ್ಮಿಕ ಕಾನೂನಿನ ವ್ಯಾಜ್ಯಗಳಲ್ಲಿ ನಮ್ಮ ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ನೌಕರ ನಿಜವಾಗಿ ಮಾಡುವ ಕೆಲಸ ಯಾವುದು ಎಂದು ನೋಡುತ್ತ ಬಂದಿವೆ ಎಂದು ವಕೀಲ ಗೆಳೆಯರೊಬ್ಬರು ಹೇಳುತ್ತಿರುತ್ತಾರೆ. ಅಂಥ ಗೆಳೆಯರನ್ನು ಮನೆಗೆ ಕರೆಯಬೇಡಿ.

ಬಿಟ್ಟು ಹೋಗುವಾಗಲೂ ಈ ಕ್ರಮ ಕೈಹಿಡಿಯುತ್ತದೆ. ಎರಡು ವರ್ಷದ ನಂತರ ನನ್ನ ಶಿಷ್ಯ ರಾಜೀನಾಮೆ ಕೊಟ್ಟಾಗ ರಿಲೀವಿಂಗ್ ಲೆಟರ್ ತಯಾರಾದದ್ದು ಸಿಸ್ಟಮ್ಮಿನ ಜಾಬ್ ಪ್ರೊಫೈಲಿನಿಂದ. ಅದರಲ್ಲಿ ‘ಸೀನಿಯರ್ ಇಂಜಿನಿಯರ್’ ಎಂದಿತ್ತು. ಅವನ ರೆಸ್ಯೂಮಿನಲ್ಲಿ, ಲಿಂಕ್ಡ್‌ಇನ್ನಿನಲ್ಲಿ, ತಂಗಿಯ ಮದುವೆಯ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿತ್ತು. ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರು ಹಳೆಯ ಎಚ್‌ಆರ್‌ಗೆ ಇಮೇಲ್ ಹಾಕಿ ಹುದ್ದೆ, ಸೇರಿದ ದಿನ, ಬಿಟ್ಟ ದಿನ ತಾಳೆ ನೋಡಿದರು. ದಿನಾಂಕಗಳು ತಾಳೆಯಾದವು, ಹುದ್ದೆ ಆಗಲಿಲ್ಲ. ಆ ವರದಿಯಲ್ಲಿ ಅವನ ಹೆಸರಿನ ಮುಂದೆ ಹಳದಿ ಬಣ್ಣ ಬಿತ್ತು. ಮ್ಯಾನೇಜರ್ ಎಂದು ಬರೆದ ಆಫರ್ ಲೆಟರ್ ಹುಡುಕಿ ಕಳಿಸಿ, ಎರಡು ವಿವರಣೆ ಬರೆದುಕೊಟ್ಟ ಮೇಲೆ ಹಸಿರಾಯಿತು. ಆ ಹತ್ತು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಸುಳ್ಳು ಹೇಳದೆಯೇ ಸುಳ್ಳುಗಾರನಂತೆ ಕಾಣಬೇಕೆಂದರೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಗೊತ್ತಿಲ್ಲ.

ಹೊಸ ಕಂಪನಿಯಲ್ಲಿ ಅವನಿಗೆ ಅಸೋಸಿಯೇಟ್ ಡೈರೆಕ್ಟರ್ ಎಂದಿದ್ದಾರೆ. ಗ್ರೇಡ್ ಕೇಳಿದೆಯಾ ಎಂದು ನಾನು ವಿಚಾರಿಸಿದೆ, ಗುರುವಾದವನು ಪರೀಕ್ಷಿಸಬೇಕಲ್ಲ. “ಇಲ್ಲ ಸರ್, ಟೈಟಲ್ಲೇ ಹೇಳುತ್ತಲ್ಲ” ಅಂದ. ನಾನು ಅವನ ಬೆನ್ನು ತಟ್ಟಿದೆ.

ನಿಮಗೂ ಇಂಥ ಆಫರ್ ಬಂದು, ಸಿಹಿ ತೆಗೆದುಕೊಂಡು ಊರಿಗೆ ಹೋದರೆ, ಊಟದ ಹೊತ್ತಿಗೆ ಅಪ್ಪ ಮತ್ತೆ ಸ್ಕೇಲ್ ವಿಷಯ ತೆಗೆಯುತ್ತಾರೆ. ಉತ್ತರ ಬಾರದಿದ್ದಾಗ ಬೀರುವಿನ ಕಡೆ ನಡೆಯುತ್ತಾರೆ. ಅಲ್ಲಿ ಅವರ ಸೇವಾ ಪುಸ್ತಕದ ಪ್ರತಿ ಇದೆ: ಯಾವ ತಾರೀಖು ಯಾವ ಹುದ್ದೆ, ಯಾವ ಶ್ರೇಣಿ, ಯಾವ ವರ್ಷ ಎಷ್ಟು ಇನ್‌ಕ್ರಿಮೆಂಟ್ ಎಂದು ಸಾಲು ಸಾಲಾಗಿ ಬರೆದು ಮೇಲಧಿಕಾರಿ ಸಹಿ ಹಾಕಿದ ಪುಟಗಳು. ಅದನ್ನು ಅವರು ಹೊರತೆಗೆಯುವ ಮೊದಲು ಎದ್ದು ಕೈ ತೊಳೆಯಿರಿ, ಬೆಂಗಳೂರಿನ ಬಸ್ಸಿಗೆ ಹೊತ್ತಾಯಿತು ಎನ್ನಿ.